ಸಹಕಾರ ಸಂಘದ ಬೈಲಾ ಇಂಗ್ಲಿಷಿಗೆ: ಐದು ತಪ್ಪು ಕಲ್ಪನೆ, ಐದು ಸತ್ಯ

ಪತ್ತಿನ ಸಹಕಾರ ಸಂಘದ ಬೈಲಾವನ್ನು ಇಂಗ್ಲಿಷಿಗೆ ತರುವ ಕೆಲಸ ಸಾಮಾನ್ಯವಾಗಿ ಅವಸರದಲ್ಲೇ ಬರುತ್ತದೆ. ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಬೇಕು, ಇಲ್ಲವೇ ಆದಾಯ ತೆರಿಗೆಯ ಮೇಲ್ಮನವಿಗೆ ದಾಖಲೆ ಒದಗಿಸಬೇಕು. ವಕೀಲರು ನಾಳಿದ್ದರೊಳಗೆ ಪ್ರತಿ ಬೇಕು ಎನ್ನುತ್ತಾರೆ. ಎರಡೂ ಭಾಷೆ ಬಲ್ಲವರೊಬ್ಬರು ಸಿಕ್ಕರೆ ಕೆಲಸ ಮುಗಿಯಿತು ಎಂದು ಕಾರ್ಯದರ್ಶಿ ನಿಟ್ಟುಸಿರು ಬಿಡುತ್ತಾರೆ. ಎಡವಟ್ಟು ಶುರುವಾಗುವುದು ಅಲ್ಲಿಂದಲೇ.

ಬೈಲಾದ ಮುಖ್ಯ ಪದಗಳಿಗೆ ಇಂಗ್ಲಿಷ್ ಪದ ಹುಡುಕುವ ಸ್ವಾತಂತ್ರ್ಯ ಅನುವಾದಕರಿಗೆ ಇಲ್ಲ. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959 ರ ಇಂಗ್ಲಿಷ್ ಪಠ್ಯದಲ್ಲಿ ಆ ಪದಗಳು ಆಗಲೇ ನಿಗದಿಯಾಗಿವೆ. ನಮ್ಮ ಬೈಲಾಗಳ ಕನ್ನಡ ಪದಗಳು ಹುಟ್ಟಿದ್ದೂ ಅವುಗಳಿಗೆ ಸಮಾನವಾಗಿಯೇ. ಹಾಗಾಗಿ ಕೆಲಸಕ್ಕೆ ಕೂರುವಾಗ ಪಕ್ಕದಲ್ಲಿ ಮೊದಲು ಇರಬೇಕಾದದ್ದು ಈ ಕಾಯ್ದೆ, ನಿಘಂಟು ಆಮೇಲೆ.

ತಪ್ಪು ಕಲ್ಪನೆ 1: ಸದಸ್ಯ ಎಂದರೆ ‘ಮೆಂಬರ್’, ಅದರಲ್ಲಿ ಕಷ್ಟವೇನಿದೆ?

ಸತ್ಯ: ಬೈಲಾದಲ್ಲಿ ಸದಸ್ಯರು ಒಂದೇ ಬಗೆಯವರಲ್ಲ. ಷೇರು ಪಡೆದು ಮತದ ಹಕ್ಕು ಹೊಂದಿದ ಸಾಮಾನ್ಯ ಸದಸ್ಯರ ಜೊತೆಗೆ ಸಹ ಸದಸ್ಯರು, ನಾಮಮಾತ್ರ ಸದಸ್ಯರು ಇರುತ್ತಾರೆ. ಕಾಯ್ದೆಯ ಇಂಗ್ಲಿಷಿನಲ್ಲಿ ಸಹ ಸದಸ್ಯ ‘ಅಸೋಸಿಯೇಟ್ ಮೆಂಬರ್’, ನಾಮಮಾತ್ರ ಸದಸ್ಯ ‘ನಾಮಿನಲ್ ಮೆಂಬರ್’. ಈ ಇಬ್ಬರಿಗೂ ಮತದಾನದ ಹಕ್ಕಿಲ್ಲ. ಹಾಗಿದ್ದರೂ ಕಾಯ್ದೆಯ 2ನೇ ಪ್ರಕರಣದಲ್ಲಿರುವ ‘ಸದಸ್ಯ’ ಪದದ ವ್ಯಾಖ್ಯೆ ಇವರನ್ನು ಒಳಗೇ ಇಟ್ಟುಕೊಂಡಿದೆ.

ಅವಸರದ ಅನುವಾದದಲ್ಲಿ ಸಹ ಸದಸ್ಯ ‘ಜಾಯಿಂಟ್ ಮೆಂಬರ್’ ಆಗುತ್ತಾನೆ. ಅದನ್ನು ಓದಿದವರು ಒಂದೇ ಷೇರನ್ನು ಇಬ್ಬರು ಸೇರಿ ಹೊಂದಿದ್ದಾರೆ ಎಂದುಕೊಳ್ಳುತ್ತಾರೆ. ನಾಮಮಾತ್ರ ಸದಸ್ಯನನ್ನು ‘ನಾನ್ ಮೆಂಬರ್’ ಎಂದು ಬರೆದವರೂ ಇದ್ದಾರೆ. ಮತವಿಲ್ಲದ ಮೇಲೆ ಅವನು ಎಂಥ ಸದಸ್ಯ ಎಂಬುದು ಅವರ ತರ್ಕ.

ಈ ಒಂದು ಪದದ ಬೆಲೆ ಎಷ್ಟೆಂದು ತೆರಿಗೆಯ ಕಡೆಯಿಂದ ನೋಡಿದರೆ ತಿಳಿಯುತ್ತದೆ. ಪತ್ತಿನ ಸಂಘವೊಂದು ಒಂದು ವರ್ಷ ಕೊಟ್ಟ ಸಾಲದಲ್ಲಿ ಮುಕ್ಕಾಲು ಪಾಲು ಸಾಮಾನ್ಯ ಸದಸ್ಯರಿಗೆ, ಉಳಿದ ಕಾಲು ಪಾಲು ನಾಮಮಾತ್ರ ಸದಸ್ಯರಿಗೆ ಹೋಗಿದೆ ಎಂದುಕೊಳ್ಳೋಣ. ಆದಾಯ ತೆರಿಗೆ ಕಾಯ್ದೆ, 1961 ರ 80ಪಿ ಪ್ರಕರಣ ‘ತನ್ನ ಸದಸ್ಯರಿಗೆ’ ಸಾಲ ಸೌಲಭ್ಯ ಒದಗಿಸಿ ಗಳಿಸಿದ ಲಾಭಕ್ಕೆ ಕಡಿತ ಕೊಡುತ್ತದೆ. ಆದರೆ ಸದಸ್ಯ ಯಾರು ಎಂಬುದನ್ನು ಆ ಕಾಯ್ದೆ ಹೇಳುವುದಿಲ್ಲ. ಕೇರಳದ ಮಾವಿಲಾಯಿ ಸರ್ವಿಸ್ ಕೋ-ಆಪರೇಟಿವ್ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021 ರ ಜನವರಿಯಲ್ಲಿ ಈ ಪ್ರಶ್ನೆಗೆ ಉತ್ತರ ಕೊಟ್ಟಿತು. ಸದಸ್ಯ ಯಾರೆಂಬುದನ್ನು ಆಯಾ ರಾಜ್ಯದ ಸಹಕಾರ ಕಾಯ್ದೆಯ ವ್ಯಾಖ್ಯೆಯಿಂದಲೇ ತಿಳಿಯಬೇಕು ಎಂದಿತು. ಸದಸ್ಯರಲ್ಲದವರಿಗೆ ಸಾಲ ಕೊಟ್ಟಿದ್ದರೆ ಅಷ್ಟು ಪಾಲಿನ ಲಾಭಕ್ಕೆ ಮಾತ್ರ ಕಡಿತ ಸಿಗುವುದಿಲ್ಲ ಎಂದೂ ಹೇಳಿತು.

ಈಗ ನಮ್ಮ ಸಂಘದ ಇಂಗ್ಲಿಷ್ ಬೈಲಾದಲ್ಲಿ ಆ ಕಾಲು ಪಾಲು ಸಾಲಗಾರರು ‘ನಾನ್ ಮೆಂಬರ್’ ಆಗಿದ್ದರೆ, ಅಷ್ಟು ಲಾಭಕ್ಕೆ ಕಡಿತ ಬೇಡ ಎಂದು ಸಂಘವೇ ಬರೆದುಕೊಟ್ಟಂತೆ. ಕನ್ನಡ ಮೂಲವನ್ನು ತೋರಿಸಿ ಸರಿಪಡಿಸಿಕೊಳ್ಳುವ ದಾರಿ ಇದ್ದೇ ಇದೆ. ಆದರೆ ಅಷ್ಟರೊಳಗೆ ಒಂದು ಹಂತದ ಆದೇಶ ಸಂಘದ ವಿರುದ್ಧ ಬಂದಿರಬಹುದು.

ತಪ್ಪು ಕಲ್ಪನೆ 2: ಮಹಾಸಭೆ ಎಂದರೆ ದೊಡ್ಡ ಸಭೆ. ‘ಮೀಟಿಂಗ್’ ಎಂದರೆ ಸಾಕು

ಸತ್ಯ: ಕನ್ನಡ ಬೈಲಾಗಳಲ್ಲಿ ‘ಮಹಾಸಭೆ’ ಎರಡು ಕೆಲಸ ಮಾಡುತ್ತದೆ. ಸದಸ್ಯರೆಲ್ಲರ ಒಟ್ಟು ಸಮುದಾಯಕ್ಕೂ ಅದೇ ಪದ, ಅವರು ಒಂದು ದಿನ ಸೇರಿ ನಡೆಸುವ ಸಭೆಗೂ ಅದೇ ಪದ. ಇಂಗ್ಲಿಷಿನಲ್ಲಿ ಮೊದಲನೆಯದು ‘ಜನರಲ್ ಬಾಡಿ’, ಎರಡನೆಯದು ‘ಜನರಲ್ ಮೀಟಿಂಗ್’. ಕಾಯ್ದೆಯ 26ನೇ ಪ್ರಕರಣ ಸಂಘದ ಅಂತಿಮ ಅಧಿಕಾರವನ್ನು ಕೊಟ್ಟಿರುವುದು ಜನರಲ್ ಬಾಡಿಗೆ. 27ನೇ ಪ್ರಕರಣ ವರ್ಷಕ್ಕೊಮ್ಮೆ ಕರೆಯಲೇಬೇಕು ಎನ್ನುವುದು ಜನರಲ್ ಮೀಟಿಂಗನ್ನು. ‘ಮಹಾಸಭೆಯ ಅಧಿಕಾರಗಳು’ ಎಂಬ ತಲೆಬರಹ ಬಂದರೆ ಮೊದಲ ಪದ, ‘ಮಹಾಸಭೆಯ ನೋಟಿಸು’ ಎಂದು ಬಂದರೆ ಎರಡನೆಯದು. ಅಧಿಕಾರದ ಮಾತೋ ದಿನಾಂಕದ ಮಾತೋ ಎಂದು ಕೇಳಿಕೊಂಡರೆ ಹೆಚ್ಚಿನ ಕಡೆ ಗೊಂದಲ ಬಗೆಹರಿಯುತ್ತದೆ.

ಬರಿಯ ‘ಸಭೆ’ ಎಂದಿರುವ ಕಡೆ ಇನ್ನೂ ಎಚ್ಚರ ಬೇಕು. ‘ಸಭೆಯ ಮಂಜೂರಾತಿ ಪಡೆಯತಕ್ಕದ್ದು’ ಎಂಬಲ್ಲಿ ಯಾವ ಸಭೆ? ಅದು ಆಡಳಿತ ಮಂಡಳಿಯ ಅಧ್ಯಾಯದಲ್ಲಿದ್ದರೆ ಮಂಡಳಿಯ ಸಭೆ ಇರಬಹುದು. ಲಾಭ ಹಂಚಿಕೆಯ ಅಧ್ಯಾಯದಲ್ಲಿದ್ದರೆ ಮಹಾಸಭೆ ಇರಬಹುದು. ಹಿಂದಿನ, ಮುಂದಿನ ಉಪವಿಧಿಗಳನ್ನು ಓದಿದ ಮೇಲೂ ಸ್ಪಷ್ಟವಾಗದಿದ್ದರೆ ಇಂಗ್ಲಿಷಿನಲ್ಲೂ ಅದನ್ನು ಅಸ್ಪಷ್ಟವಾಗಿಯೇ ಬಿಟ್ಟು ಅಡಿಟಿಪ್ಪಣಿ ಹಾಕಬೇಕು. ಊಹಿಸಿ ಬರೆದರೆ ಬೈಲಾ ಯಾರಿಗೂ ಕೊಡದ ಅಧಿಕಾರವನ್ನು ಅನುವಾದಕರು ಕೊಟ್ಟಂತಾಗುತ್ತದೆ.

ನೋಟಿಸಿನ ಅವಧಿಯಲ್ಲಿ ಒಂದು ಸಣ್ಣ ಪದ ಸಭೆಯನ್ನೇ ಅಸಿಂಧುಗೊಳಿಸಬಲ್ಲದು. ಬೈಲಾದಲ್ಲಿ ‘ಪೂರ್ಣ 15 ದಿನಗಳ ನೋಟಿಸು’ ಎಂದಿದೆ ಎನ್ನಿ. ಇಲ್ಲಿನ ‘ಪೂರ್ಣ’ ಇಂಗ್ಲಿಷಿನಲ್ಲಿ ‘ಕ್ಲಿಯರ್ ಡೇಸ್’ ಆಗಬೇಕು. ನೋಟಿಸು ತಲುಪಿದ ದಿನವೂ ಸಭೆಯ ದಿನವೂ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಅದರ ಅರ್ಥ. ಸೆಪ್ಟೆಂಬರ್ 1 ರಂದು ನೋಟಿಸು ತಲುಪಿದರೆ 2 ರಿಂದ 16 ರವರೆಗೆ ಹದಿನೈದು ದಿನ. ಸಭೆ 17 ಕ್ಕಿಂತ ಮೊದಲು ನಡೆಯುವಂತಿಲ್ಲ. ‘ಪೂರ್ಣ’ವನ್ನು ಬಿಟ್ಟು ಬರಿಯ 15 ದಿನ ಎಂದು ಅನುವಾದಿಸಿದರೆ 16 ರ ಸಭೆಯೂ ಸರಿಯಾಗಿಯೇ ಕಾಣುತ್ತದೆ.

ತಪ್ಪು ಕಲ್ಪನೆ 3: ‘ಅವಿರೋಧ’ವೂ ‘ಸರ್ವಾನುಮತ’ವೂ ಒಂದೇ

ಸತ್ಯ: ಹತ್ತು ಸ್ಥಾನಗಳಿಗೆ ಕಣದಲ್ಲಿ ಹತ್ತೇ ಜನ ಉಳಿದರೆ ಮತದಾನವೇ ನಡೆಯುವುದಿಲ್ಲ. ಚುನಾವಣಾಧಿಕಾರಿ ಅವರ ಆಯ್ಕೆಯನ್ನು ಘೋಷಿಸುತ್ತಾರೆ. ಇದು ಅವಿರೋಧ ಆಯ್ಕೆ, ಇಂಗ್ಲಿಷಿನಲ್ಲಿ ‘ಅನ್‌ಕಂಟೆಸ್ಟೆಡ್’. ಸರ್ವಾನುಮತ ಹಾಗಲ್ಲ. ಒಂದು ಠರಾವು ಸಭೆಯ ಮುಂದೆ ಬಂದು, ಹಾಜರಿದ್ದವರೆಲ್ಲ ಒಪ್ಪಿದರೆ ಅದು ‘ಯುನಾನಿಮಸ್’. ಅವಿರೋಧವನ್ನು ಹಾಗೆ ಅನುವಾದಿಸಿದರೆ ನಡೆಯದ ಮತದಾನ ನಡೆಯಿತೆಂದು ದಾಖಲೆ ಹೇಳುತ್ತದೆ. ಮುಂದೆ ಚುನಾವಣಾ ತಕರಾರು ಬಂದಾಗ ಎದುರಾಳಿಯ ವಕೀಲರು ಮತಪತ್ರ ಎಲ್ಲಿ ಎಂದು ಕೇಳಲು ಇದೇ ಸಾಕು.

ಚುನಾವಣೆಯ ಅಧ್ಯಾಯದಲ್ಲಿ ಇನ್ನೊಂದು ಪದ ಮತ್ತೆ ಮತ್ತೆ ಕೈಕೊಡುತ್ತದೆ. ಆಡಳಿತ ಮಂಡಳಿ ಇಲ್ಲದಾಗ ಅದರ ಜಾಗದಲ್ಲಿ ಸರ್ಕಾರದ ಕಡೆಯಿಂದ ನೇಮಕವಾಗುವ ‘ಆಡಳಿತಾಧಿಕಾರಿ’ ಕಾಯ್ದೆಯ ಇಂಗ್ಲಿಷಿನಲ್ಲಿ ‘ಅಡ್ಮಿನಿಸ್ಟ್ರೇಟರ್’. ಅವರನ್ನು ‘ಅಡ್ಮಿನಿಸ್ಟ್ರೇಟಿವ್ ಆಫೀಸರ್’ ಎಂದು ಬರೆದರೆ ಮಂಡಳಿಯ ಅಧಿಕಾರವೆಲ್ಲ ಕೈಯಲ್ಲಿರುವವರು ಕಚೇರಿಯ ಸಿಬ್ಬಂದಿಯಾಗಿ ಕಾಣುತ್ತಾರೆ. ಹಾಗೆಯೇ ‘ಸುಸ್ತಿದಾರ’ ಸಾಲದ ಕಂತು ಕಟ್ಟದೆ ಉಳಿಸಿಕೊಂಡವನು, ಅಂದರೆ ‘ಡಿಫಾಲ್ಟರ್’. ಅವನನ್ನು ‘ಡೆಟರ್’ ಎಂದರೆ ಕಂತು ಸರಿಯಾಗಿ ಕಟ್ಟುತ್ತಿರುವ ಸಾಲಗಾರರೂ ಚುನಾವಣೆಗೆ ಅನರ್ಹರು ಎಂದಾಗಿಬಿಡುತ್ತದೆ.

ತಪ್ಪು ಕಲ್ಪನೆ 4: ಲೆಕ್ಕಪತ್ರದ ಪದಗಳಿಗೆ ಹತ್ತಿರದ ಇಂಗ್ಲಿಷ್ ಪದ ಹಾಕಿದರೆ ನಡೆಯುತ್ತದೆ

ಸತ್ಯ: ಕಾಯ್ದೆಯಲ್ಲಿ ಲೆಕ್ಕಪರಿಶೋಧನೆ, ವಿಚಾರಣೆ, ಪರಿವೀಕ್ಷಣೆ ಒಂದರ ಹಿಂದೊಂದರಂತೆ ಬರುತ್ತವೆ. 63ನೇ ಪ್ರಕರಣ ‘ಆಡಿಟ್’, 64 ‘ಇನ್‌ಕ್ವೈರಿ’, 65 ‘ಇನ್‌ಸ್ಪೆಕ್ಷನ್’. ಆಡಿಟ್ ಪ್ರತಿ ವರ್ಷ ನಡೆಯಲೇಬೇಕು. 64ರ ವಿಚಾರಣೆ ಹಾಗೆ ತಾನಾಗಿ ನಡೆಯುವುದಿಲ್ಲ, ಸಂಘದ ವ್ಯವಹಾರದ ಬಗ್ಗೆ ಪ್ರಶ್ನೆ ಎದ್ದಾಗ ನಿಬಂಧಕರ ಮಟ್ಟದಲ್ಲಿ ಆದೇಶವಾಗಿ ನಡೆಯುತ್ತದೆ. ವಾರ್ಷಿಕ ಲೆಕ್ಕಪರಿಶೋಧನೆಯನ್ನು ‘ಇನ್‌ವೆಸ್ಟಿಗೇಶನ್’ ಎಂದು ಬರೆದ ಪ್ರತಿಯನ್ನು ಬ್ಯಾಂಕಿನವರು ನೋಡಿದರೆ ಸಂಘದಲ್ಲಿ ಏನೋ ಹಗರಣ ಆಗಿದೆ ಎಂದೇ ತಿಳಿಯುತ್ತಾರೆ. ವಿಚಾರಣೆಯಲ್ಲಿ ಇನ್ನೊಂದು ತೊಡಕಿದೆ. ಸದಸ್ಯನನ್ನು ತೆಗೆದುಹಾಕುವ ಮೊದಲು ಅವನ ಮಾತು ಕೇಳುವುದಕ್ಕೂ ಕನ್ನಡದಲ್ಲಿ ವಿಚಾರಣೆ ಎಂದೇ ಹೇಳುತ್ತೇವೆ. ಅಲ್ಲಿ ಬರಬೇಕಾದದ್ದು ‘ಹಿಯರಿಂಗ್’.

ಇದಕ್ಕಿಂತ ಹೆಚ್ಚು ಕಣ್ತಪ್ಪುವುದು ‘ಜಮಾ-ಖರ್ಚು’. ಇದನ್ನು ‘ಇನ್‌ಕಮ್ ಅಂಡ್ ಎಕ್ಸ್‌ಪೆಂಡಿಚರ್’ ಎಂದು ಅನುವಾದಿಸುವುದು ರೂಢಿಯೇ ಆಗಿಬಿಟ್ಟಿದೆ. ಒಬ್ಬ ಸದಸ್ಯ ಒಂದು ಲಕ್ಷ ರೂಪಾಯಿ ಠೇವಣಿ ಇಟ್ಟಾಗ ಅದು ಸಂಘದ ಪುಸ್ತಕದಲ್ಲಿ ಜಮಾ ಆಗುತ್ತದೆ. ಅದು ಆದಾಯವಲ್ಲ, ಒಂದು ದಿನ ಹಿಂದಿರುಗಿಸಬೇಕಾದ ಜವಾಬ್ದಾರಿ. ಇನ್ನೊಬ್ಬ ಸದಸ್ಯನಿಗೆ ಅದೇ ಒಂದು ಲಕ್ಷವನ್ನು ಸಾಲ ಕೊಟ್ಟರೆ ಖರ್ಚಿನ ಕಡೆ ಬರುತ್ತದೆ. ಅದೂ ವೆಚ್ಚವಲ್ಲ, ಸಂಘಕ್ಕೆ ಬರಬೇಕಾದ ಹಣ. ಈ ವ್ಯವಹಾರದಲ್ಲಿ ಆದಾಯ ಎನಿಸಿಕೊಳ್ಳುವುದು ಸಾಲದ ಮೇಲೆ ಬರುವ ಬಡ್ಡಿ, ವೆಚ್ಚ ಎನಿಸಿಕೊಳ್ಳುವುದು ಠೇವಣಿಗೆ ಕೊಡುವ ಬಡ್ಡಿ. ಹಾಗಾಗಿ ಜಮಾ-ಖರ್ಚು ತಖ್ತೆ ‘ರಿಸೀಟ್ಸ್ ಅಂಡ್ ಪೇಮೆಂಟ್ಸ್’ ಆಗಬೇಕು. ಬೈಲಾ ಲಾಭ-ನಷ್ಟ ತಖ್ತೆಯನ್ನೂ ಬೇರೆಯಾಗಿ ಹೆಸರಿಸಿದ್ದರೆ ಎರಡೂ ಒಂದೇ ಅಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ತಪ್ಪು ಕಲ್ಪನೆ 5: ಹಳೆಯ ಬೈಲಾದಲ್ಲಿ ತಪ್ಪಿದ್ದರೆ ಇಂಗ್ಲಿಷಿನಲ್ಲಿ ಸರಿಪಡಿಸಿಬಿಡಬಹುದು

ಸತ್ಯ: ಕಾಯ್ದೆಯ ಪ್ರಕಾರ ಬೈಲಾ ಎಂದರೆ ನೋಂದಣಿಯಾಗಿ ಜಾರಿಯಲ್ಲಿರುವ ಪಠ್ಯ. ತಿದ್ದುಪಡಿಯೂ ಅಷ್ಟೇ. ಮಹಾಸಭೆ ಒಪ್ಪಿದ ಮಾತ್ರಕ್ಕೆ ಅದು ಜಾರಿಗೆ ಬರುವುದಿಲ್ಲ, 12ನೇ ಪ್ರಕರಣದಂತೆ ನೋಂದಣಿಯೂ ಆಗಬೇಕು. ಹೀಗಿರುವಾಗ ಎಲ್ಲೂ ನೋಂದಣಿಯಾಗದ ಇಂಗ್ಲಿಷ್ ಪ್ರತಿ ಓದಲಿಕ್ಕೆ ಅನುಕೂಲವಷ್ಟೆ. ಎರಡರ ನಡುವೆ ವ್ಯತ್ಯಾಸ ಬಂದರೆ ಕನ್ನಡದ್ದೇ ನಿಲ್ಲುತ್ತದೆ.

ಹಳೆಯ ಬೈಲಾದ ತಪ್ಪು ಹೆಚ್ಚಾಗಿ ಎದುರಾಗುವುದು ಚುನಾವಣೆಯ ಅಧ್ಯಾಯದಲ್ಲಿ. ಈಗ ಸಂಘಗಳ ಚುನಾವಣೆ ರಾಜ್ಯದ ಸಹಕಾರ ಚುನಾವಣಾ ಪ್ರಾಧಿಕಾರದ ಮೇಲ್ವಿಚಾರಣೆಯಲ್ಲಿ ನಡೆಯುತ್ತದೆ. ಆದರೆ ಹಳೆಯ ಬೈಲಾದಲ್ಲಿ ಚುನಾವಣೆಯನ್ನು ಆಡಳಿತ ಮಂಡಳಿಯೇ ನಡೆಸತಕ್ಕದ್ದು ಎಂಬ ಸಾಲು ಹಾಗೇ ಉಳಿದಿರಬಹುದು. ಕಾಯ್ದೆಗೂ ಬೈಲಾಕ್ಕೂ ತಿಕ್ಕಾಟ ಬಂದರೆ ಕಾಯ್ದೆಯ ಮಾತೇ ಮೇಲು. ಹಾಗೆಂದು ಇಂಗ್ಲಿಷಿನಲ್ಲಿ ಆ ಸಾಲನ್ನು ತೆಗೆದು ಪ್ರಾಧಿಕಾರದ ಹೆಸರು ಸೇರಿಸುವಂತಿಲ್ಲ. ಇದ್ದದ್ದನ್ನು ಇದ್ದಂತೆ ಅನುವಾದಿಸಿ, ಕೆಳಗೆ ‘ಅನುವಾದಕರ ಟಿಪ್ಪಣಿ’ ಎಂದು ಬೇರೆಯಾಗಿ ತೋರಿಸಬೇಕು. ಉಪವಿಧಿಯ ಸಂಖ್ಯೆಯೂ ಮೂಲದ್ದೇ ಇರಲಿ. ತಿದ್ದುಪಡಿಯಲ್ಲಿ 14 ಎ ಎಂದು ಸೇರಿದ್ದನ್ನು 15 ಮಾಡಿ ಮುಂದಿನದನ್ನೆಲ್ಲ ಬದಲಿಸಿದರೆ ಆಮೇಲೆ ಯಾವ ಆದೇಶವೂ ಈ ಪ್ರತಿಗೆ ತಾಳೆಯಾಗುವುದಿಲ್ಲ.

ಕೆಲಸ ಮುಗಿದ ಮೇಲೆ ಇನ್ನೊಂದು ಪರೀಕ್ಷೆ ಬಾಕಿ ಇರುತ್ತದೆ. ಇಂಗ್ಲಿಷ್ ಪ್ರತಿಯನ್ನು ಕನ್ನಡ ಮೂಲ ನೋಡದ ಒಬ್ಬರಿಗೆ ಕೊಟ್ಟು ನಾಲ್ಕು ಪ್ರಶ್ನೆ ಕೇಳಿ. ಯಾರಿಗೆ ಮತವಿದೆ? ಈ ದಿನ ನೋಟಿಸು ತಲುಪಿದರೆ ಸಭೆ ಯಾವತ್ತು ನಡೆಸಬಹುದು? ಯಾವ ಕಾರಣಕ್ಕೆ ಒಬ್ಬ ಸದಸ್ಯ ಚುನಾವಣೆಗೆ ನಿಲ್ಲುವಂತಿಲ್ಲ? ಲೆಕ್ಕಪರಿಶೋಧಕರನ್ನು ನೇಮಿಸುವವರು ಯಾರು? ಇವೇ ಪ್ರಶ್ನೆಗಳನ್ನು ಕನ್ನಡ ಬೈಲಾ ಮುಂದಿಟ್ಟುಕೊಂಡ ಕಾರ್ಯದರ್ಶಿಗೂ ಕೇಳಿ. ಇಬ್ಬರ ಉತ್ತರ ಎಲ್ಲಿ ಬೇರೆಯಾಗುತ್ತದೋ ಆ ಉಪವಿಧಿಯನ್ನು ಮತ್ತೊಮ್ಮೆ ಅನುವಾದಿಸಬೇಕು, ಪ್ರಮಾಣೀಕರಿಸಿ ಸಹಿ ಹಾಕುವುದು ಅದಾದ ಮೇಲೆ.