ಇಳಿಜಾರು ಗೋಡೆಯ ಭಾರ ಯಾವ ಕಂಬಕ್ಕೆ ಎಷ್ಟು?

ಹಂಚಿನ ಮನೆಯ ಒಂದು ಮಗ್ಗುಲಿಗೆ ಮಾಡನ್ನು ಇಳಿಸಿ ಜಗಲಿ ಕಟ್ಟಿದರೆ, ಅದರ ಬದಿಗೋಡೆಯ ಮೇಲಂಚು ಮಾಡಿನ ಜೊತೆಗೇ ಇಳಿಯುತ್ತದೆ. ಕೆಳಗೆ ಓಡಾಡಲು ಜಾಗ ಬೇಕಾದರೆ ಎರಡು ಕಂಬ ನಿಲ್ಲಿಸಿ, ಅಡ್ಡಲಾಗಿ ತೊಲೆಯಿಟ್ಟು, ಅದರ ಮೇಲೆ ಗೋಡೆ ಏರಿಸುತ್ತಾರೆ. ಆಗ ತೊಲೆ ಹೊರುವುದು ಇಟ್ಟಿಗೆಯ ತ್ರಿಕೋನವನ್ನು. ಯಾವ ಕಂಬಕ್ಕೆ ಎಷ್ಟು ಭಾರ?

ತೊಲೆ 3 ಮೀಟರ್ ಉದ್ದವಿದೆ ಎನ್ನೋಣ. ಎಡತುದಿಯಲ್ಲಿ ಗೋಡೆಯ ಎತ್ತರ ಸೊನ್ನೆ, ಬಲತುದಿಯಲ್ಲಿ 1.5 ಮೀಟರ್. ಗೋಡೆ 23 ಸೆಂಟಿಮೀಟರ್ ದಪ್ಪ. ಇಟ್ಟಿಗೆ ಕಟ್ಟಡ ಘನಮೀಟರಿಗೆ ಸುಮಾರು 2,000 ಕಿಲೋ ತೂಗುತ್ತದೆ. ಬಲತುದಿಯಲ್ಲಿ ಮೀಟರಿಗೆ 690 ಕಿಲೋ ಬೀಳುತ್ತದೆ. ತ್ರಿಕೋನವಾದ್ದರಿಂದ ಒಟ್ಟು ತೂಕ 3 ಮತ್ತು 690ರ ಗುಣಲಬ್ಧದ ಅರ್ಧ, ಅಂದರೆ 1,035 ಕಿಲೋ. ಇದರ ಜೊತೆಗೆ ಎಡಗಂಬದಿಂದ 1 ಮೀಟರ್ ದೂರದಲ್ಲಿ ಮಾಡಿನ ಒಂದು ಮರದ ತುದಿ ಕೂತು 300 ಕಿಲೋ ಭಾರ ಹೇರುತ್ತಿದೆ.

ಕಂಬಗಳ ಲೆಕ್ಕದ ಮಟ್ಟಿಗೆ ಇಡೀ ಗೋಡೆಯನ್ನು ಅದರ ಗುರುತ್ವಕೇಂದ್ರದಲ್ಲಿ ಒಂದೇ ಭಾರವಾಗಿ ಇಡಬಹುದು. ಆ ಬಿಂದು ನಡುಮಧ್ಯದಲ್ಲಿಲ್ಲ. ಎತ್ತರದ ತುದಿಯಿಂದ ಮೂರನೇ ಒಂದು ಭಾಗದಲ್ಲಿದೆ, ಎಂದರೆ ಎಡಗಂಬದಿಂದ 2 ಮೀಟರ್. ಈಗ ಎಡಗಂಬವನ್ನು ತಿರುಗುಬಿಂದು ಎಂದಿಟ್ಟುಕೊಳ್ಳಿ. ಗೋಡೆ ತೊಲೆಯನ್ನು ಕೆಳಕ್ಕೆ ತಿರುಗಿಸುವ ಬಲ 1,035×2, ಮರದ್ದು 300×1, ಸೇರಿ 2,370. ಇದನ್ನು ತಡೆಯುವುದು 3 ಮೀಟರ್ ಆಚೆಯ ಬಲಗಂಬ ಒಂದೇ. ಹಾಗಾಗಿ ಅದರ ಪಾಲು 2,370÷3, 790 ಕಿಲೋ. ಒಟ್ಟು 1,335ರಲ್ಲಿ ಉಳಿದ 545 ಎಡಗಂಬಕ್ಕೆ. ತೊಲೆಯ ಸ್ವಂತ ತೂಕವನ್ನು ಇಲ್ಲಿ ಸೇರಿಸಿಲ್ಲ; ಅದು ಇಬ್ಭಾಗವಾಗಿ ಎರಡೂ ಕಡೆ ಕೂಡುತ್ತದೆ.

ವಿದ್ಯಾರ್ಥಿಗಳು ಎಡವುವುದು ಗೋಡೆಯ ಭಾರವನ್ನು ತೊಲೆಯ ನಡುವಿಗೆ ಇಟ್ಟು. ಆಗ ಎಡಕ್ಕೆ 717.5, ಬಲಕ್ಕೆ 617.5 ಬರುತ್ತದೆ. ಕೂಡಿದರೆ ಮತ್ತೆ ಅದೇ 1,335! ಮೊತ್ತ ತಾಳೆಯಾಯಿತೆಂದು ಪುಟ ತಿರುಗಿಸಿದವರಿಗೆ ತಪ್ಪು ಕಾಣುವುದೇ ಇಲ್ಲ. ಬಲಗಂಬದ ಸುತ್ತ ತಿರುಗಿಸಿ ನೋಡಿದರೂ ಅದೇ ತಪ್ಪು ದೂರ ಅದೇ ತಪ್ಪು ಉತ್ತರವನ್ನೇ ಕೊಡುತ್ತದೆ. ಹಿಡಿಯುವ ದಾರಿ ಎಂದರೆ ಗೋಡೆಯೊಂದನ್ನೇ ಬೇರೆ ತೆಗೆದು ನೋಡುವುದು: ಸೊನ್ನೆಯಿಂದ ಏರುವ ತ್ರಿಕೋನ ಎತ್ತರದ ಬದಿಗೆ 690, ಇನ್ನೊಂದಕ್ಕೆ 345 ಕೊಡಬೇಕು, ಒಂದಕ್ಕೆ ಎರಡರಷ್ಟು.

ಇನ್ನೊಂದು ಎಚ್ಚರಿಕೆ. ಒಂದೇ ಬಿಂದುವಿಗೆ ಗುಡ್ಡೆಹಾಕಿದ ಈ ಭಾರ ಕಂಬದ ಲೆಕ್ಕಕ್ಕೆ ಮಾತ್ರ ಸರಿ. ತೊಲೆ ಎಷ್ಟು ಬಾಗುತ್ತದೆಂದು ಅದರಿಂದಲೇ ಹುಡುಕಿದರೆ ಗರಿಷ್ಠ ಬಾಗುಭ್ರಾಮಕ 790 ಕಿಲೋ-ಮೀಟರ್ ಬರುತ್ತದೆ. ಇಟ್ಟಿಗೆಗಳು ನಿಜವಾಗಿ ಹರಡಿರುವಂತೆ ಲೆಕ್ಕ ಹಾಕಿದರೆ ಸುಮಾರು 538, ಅದೂ ಎಡಗಂಬದಿಂದ 1.46 ಮೀಟರಿನಲ್ಲಿ. ಮೊದಲನೆಯದನ್ನು ನಂಬಿದವರು ಬೇಕಾದ್ದಕ್ಕಿಂತ ಹೆಚ್ಚು ಕಬ್ಬಿಣ ಹಾಕುತ್ತಾರೆ.

ತೊಲೆ ಕಂಬಗಳ ಮೇಲೆ ಸುಮ್ಮನೆ ಕೂತಿದ್ದರಷ್ಟೇ ಈ ಸರಳ ದಾರಿ ನಡೆಯುತ್ತದೆ. ಕಂಬಕ್ಕೇ ಕಾಂಕ್ರೀಟಿನಲ್ಲಿ ಬಿಗಿದಿದ್ದರೆ, ಅಥವಾ ನಡುವೆ ಮೂರನೇ ಕಂಬ ಬಂದರೆ, ತೊಲೆಯ ಬಿಗುವನ್ನೂ ಗಣನೆಗೆ ತೆಗೆದುಕೊಳ್ಳದೆ ಉತ್ತರ ಸಿಗದು.