ಕ್ಲಿಕ್ ಬೇಡದ ಜಾಹೀರಾತನ್ನು ಅಳೆಯುವುದು ಹೇಗೆ?

ಆನ್‌ಲೈನ್ ವಂಚನೆಯಲ್ಲಿ ಹಣ ಕಳೆದುಕೊಂಡವರು ತಡಮಾಡದೆ ಕರೆ ಮಾಡಬೇಕಾದ ಸಹಾಯವಾಣಿ 1930. ಇದನ್ನು ತಿಳಿಸಲು ಯೂಟ್ಯೂಬ್‌ನಲ್ಲಿ 15 ಸೆಕೆಂಡಿನ ಕನ್ನಡ ಜಾಹೀರಾತೊಂದನ್ನು ಬಿಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ನೋಡಿದವರು ಏನನ್ನೂ ಒತ್ತಬೇಕಿಲ್ಲ, ಕೊಳ್ಳಬೇಕಿಲ್ಲ. ಮುಂದೆಂದೋ ಖಾತೆಯಿಂದ ಹಣ ಹೋದಾಗ ಆ ಸಂಖ್ಯೆ ನೆನಪಿಗೆ ಬಂದರೆ ಸಾಕು. ಸಹಾಯವಾಣಿಗೆ ಬಂದ ಕರೆಗಳನ್ನು ಎಣಿಸಿದರೂ ಉತ್ತರ ಸಿಗದು. ವಂಚನೆ ಹೆಚ್ಚಾದರೂ ಕರೆ ಹೆಚ್ಚುತ್ತದೆ.

ಇಲ್ಲಿ ನೆರವಿಗೆ ಬರುವುದು ಬ್ರ್ಯಾಂಡ್ ಲಿಫ್ಟ್ ಸಮೀಕ್ಷೆ. ಜಾಹೀರಾತು ತಲುಪಬಹುದಾದ ಜನರನ್ನು ಮೊದಲೇ ಚೀಟಿ ಎತ್ತಿದಂತೆ ಎರಡು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ಜಾಹೀರಾತು ಕಾಣುತ್ತದೆ, ಇನ್ನೊಂದರಿಂದ ಬೇಕೆಂದೇ ಮರೆಮಾಡುತ್ತಾರೆ. ಬಳಿಕ ಇಬ್ಬರಿಗೂ ಒಂದೇ ಪ್ರಶ್ನೆ: ಆನ್‌ಲೈನ್‌ನಲ್ಲಿ ಹಣ ಕಳೆದುಕೊಂಡರೆ ಯಾವ ಸಂಖ್ಯೆಗೆ ಕರೆ ಮಾಡಬೇಕು? ಆಯ್ಕೆಗಳಲ್ಲಿ 1930ರ ಜೊತೆ 1098, 112, ‘ಗೊತ್ತಿಲ್ಲ’ ಎಂಬುವೂ ಇರುತ್ತವೆ. ಊಹಿಸಿ ಸರಿಯುತ್ತರ ಕೊಡುವವರು ಎರಡೂ ಕಡೆ ಇರುವುದರಿಂದ, ಅಂತರ ಲೆಕ್ಕಹಾಕುವಾಗ ಊಹೆಯ ಪಾಲು ಬಹುಮಟ್ಟಿಗೆ ಕಳೆದುಹೋಗುತ್ತದೆ.

ಗುಂಪು ಮಾಡುವ ಈ ಹಂತವೇ ಎಲ್ಲಕ್ಕಿಂತ ಮುಖ್ಯ. ಜಾಹೀರಾತನ್ನು ಪೂರ್ತಿ ನೋಡಿದವರನ್ನೂ ನೋಡದವರನ್ನೂ ಆಮೇಲೆ ಹೋಲಿಸಿದರೆ ಮೋಸ ಹೋಗುತ್ತೇವೆ. ಕೊನೆಯವರೆಗೆ ನೋಡಿದವರು ಮೊದಲೇ ಈ ವಿಷಯದಲ್ಲಿ ಆಸಕ್ತಿ ಇದ್ದವರಿರಬಹುದು. ಪ್ರಚಾರದ ಮೊದಲು, ನಂತರ ಎಂದು ಹೋಲಿಸುವುದೂ ಸಾಲದು. ನಡುವೆ ದೊಡ್ಡ ವಂಚನೆಯೊಂದು ಪತ್ರಿಕೆಗಳಲ್ಲಿ ಸುದ್ದಿಯಾದರೆ ಆ ಪುಣ್ಯವೂ ಜಾಹೀರಾತಿನ ಖಾತೆಗೇ ಜಮೆಯಾಗುತ್ತದೆ. ಒಂದೇ ಸಮಯದ ಎರಡು ಗುಂಪುಗಳಾದರೆ ಸುದ್ದಿ ಇಬ್ಬರನ್ನೂ ಸಮವಾಗಿ ತಟ್ಟುತ್ತದೆ.

ಜಾಹೀರಾತು ಕಾಣದ ಗುಂಪಿನಲ್ಲಿ ನೂರಕ್ಕೆ 30 ಮಂದಿ, ಕಂಡ ಗುಂಪಿನಲ್ಲಿ 34 ಮಂದಿ ಸರಿಯಾಗಿ ಹೇಳಿದರು ಎನ್ನೋಣ. ಏರಿಕೆ 4 ಅಂಶ. ಒಂದೊಂದು ಗುಂಪಿನಿಂದ 500 ಉತ್ತರಗಳಷ್ಟೇ ಬಂದಿದ್ದರೆ ಇದನ್ನು ನಂಬುವಂತಿಲ್ಲ. ಶೇ. 95ರ ವಿಶ್ವಾಸ ಮಟ್ಟದಲ್ಲಿ ಏರುಪೇರು ಹೆಚ್ಚುಕಡಿಮೆ 6 ಅಂಶ. ಏರಿಕೆ ಸೊನ್ನೆಯೂ ಇರಬಹುದು. ತಲಾ 2,000 ಉತ್ತರಗಳಿದ್ದರೆ ಏರುಪೇರು 3 ಅಂಶಕ್ಕೆ ಇಳಿಯುತ್ತದೆ. ಏರಿಕೆ ನಿಜವೆನ್ನಬಹುದು, ಆದರೆ ಅದು 1 ಅಂಶವೋ 7 ಅಂಶವೋ ಎಂಬುದು ಆಗಲೂ ಖಚಿತವಲ್ಲ. ಆದ್ದರಿಂದ ಬರೀ ‘4’ ಎಂದು ಬರೆದ ವರದಿಯನ್ನು ಒಪ್ಪಿಕೊಳ್ಳಬಾರದು, ಎಷ್ಟು ಉತ್ತರ ಬಂದವು ಎಂದು ಕೇಳಲೇಬೇಕು. ಅದೇ 4 ಅಂಶವನ್ನು 30ಕ್ಕೆ ಹೋಲಿಸಿ ‘ಶೇ. 13ರಷ್ಟು ಏರಿಕೆ’ ಎಂದು ಬರೆಯುವುದೂ ಉಂಟು. ಲೆಕ್ಕ ತಪ್ಪಲ್ಲ, ಆದರೆ ಓದುವವರಿಗೆ ಬೇರೆಯದೇ ಚಿತ್ರ ಕಾಣುತ್ತದೆ.

ಪ್ರಶ್ನೆಯ ಆಯ್ಕೆಯೂ ಫಲಿತಾಂಶವನ್ನು ಬದಲಿಸುತ್ತದೆ. ‘ಈ ಜಾಹೀರಾತನ್ನು ನೋಡಿದ ನೆನಪಿದೆಯೇ?’ ಎಂದರೆ ಅಂಕಿ ಸುಲಭವಾಗಿ ಏರುತ್ತದೆ, ಆದರೆ ಜಾಹೀರಾತು ನೆನಪಿದ್ದವರಿಗೆಲ್ಲ ಸಂಖ್ಯೆ ನೆನಪಿರುವುದಿಲ್ಲ. ಜೊತೆಗೆ, ಇಂಥ ಪ್ರಶ್ನೆಗಳನ್ನು ಸಾಮಾನ್ಯವಾಗಿ ಜಾಹೀರಾತು ಕಂಡ ಒಂದೆರಡು ದಿನಗಳಲ್ಲೇ ಕೇಳುತ್ತಾರೆ. ಮೂರು ತಿಂಗಳ ನಂತರವೂ 1930 ನೆನಪಿದೆಯೇ ಎಂದು ಅರಿಯಬೇಕಾದರೆ, ಎರಡನೇ ಗುಂಪಿಗೆ ಅಲ್ಲಿಯವರೆಗೂ ಜಾಹೀರಾತು ತೋರಿಸದೆ ಮತ್ತೆ ಕೇಳಬೇಕು.