ಲೇಖನದ ಕೊನೆಗೆ ಇನ್ನೊಂದು ಸಾಲು

ಪತ್ರಿಕೆಯೊಂದರ ಸಂಪಾದಕರು ತಮ್ಮ ಲೇಖಕರಿಗೆಲ್ಲ ಕಳಿಸಿದ ಇಮೇಲ್ ಮೊನ್ನೆ ನನಗೂ ಬಂತು. ಇನ್ನು ಮುಂದೆ ಬರಹಕ್ಕೆ ಯಂತ್ರದ ನೆರವು ಪಡೆದಿದ್ದರೆ ಕೊನೆಯಲ್ಲಿ ಒಂದು ಸಾಲು ಬರೆದು ತಿಳಿಸಬೇಕಂತೆ.

ಯಾವುದು ನೆರವು? ಕಾಗುಣಿತ ತಿದ್ದುವ ತಂತ್ರಾಂಶಕ್ಕೆ ವಿನಾಯಿತಿ ಇದೆ. ಫೋನಿಗೆ ಹೇಳಿ ಬರೆಸಿಕೊಂಡರೂ ಚಿಂತೆಯಿಲ್ಲ, ಮಾತು ನಿಮ್ಮದೇ ತಾನೆ. ಆದರೆ ಚಾಟ್‌ಜಿಪಿಟಿಯಂಥದ್ದು ವಾಕ್ಯ ಕಟ್ಟಿಕೊಟ್ಟಿದ್ದರೆ ಅಥವಾ ಅನುವಾದಿಸಿದ್ದರೆ, ಆಮೇಲೆ ನೀವು ಎಷ್ಟೇ ತಿದ್ದಿರಲಿ, ಹೇಳಲೇಬೇಕು. 2023ರ ಸೆಪ್ಟೆಂಬರಿನಲ್ಲಿ ಅಮೆಜಾನ್‌ನ ಕಿಂಡಲ್ ಪ್ರಕಾಶನ ವಿಭಾಗ ಎಳೆದ ಗೆರೆಯೂ ಹೆಚ್ಚುಕಡಿಮೆ ಇದೇ.

ಇಮೇಲಿನಲ್ಲಿ ಒಂದು ಮಾದರಿಯೂ ಇತ್ತು: “ಟಿಪ್ಪಣಿ ನನ್ನದು. ಎರಡನೆಯ ಭಾಗದ ಕರಡು ಚಾಟ್‌ಜಿಪಿಟಿಯದು. ಇಸವಿ, ಹೆಸರುಗಳನ್ನು ಮೂಲ ಪುಸ್ತಕದಲ್ಲೇ ನೋಡಿದ್ದೇನೆ.” ಸಂಪಾದಕರಿಗೆ ನಿಜವಾಗಿ ಬೇಕಿರುವುದು ಆ ಕೊನೆಯ ತುಣುಕು. ಯಾಕೆಂದರೆ ಈ ಯಂತ್ರ ಇಲ್ಲದ ಪುಸ್ತಕಕ್ಕೂ ಪ್ರಕಾಶಕರು, ಪುಟಸಂಖ್ಯೆ ಎಲ್ಲ ಕೊಟ್ಟುಬಿಡುತ್ತದೆ. ಅದು ಕೈಯಾಡಿಸಿದ್ದು ಎಲ್ಲಿ ಎಂದು ಗೊತ್ತಿದ್ದರೆ ಉಪಸಂಪಾದಕರು ಮೊದಲು ಅಲ್ಲೇ ಕೆದಕುತ್ತಾರೆ.

ಪತ್ತೆಹಚ್ಚುವ ತಂತ್ರಾಂಶವನ್ನು ನೆಚ್ಚುವಂತಿಲ್ಲ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಒಂದನ್ನು ಹೊರತಂದಿತ್ತು. ಕಂಪನಿಯ ಪರೀಕ್ಷೆಯಲ್ಲೇ ಅದು ಯಂತ್ರ ಬರೆದ ನೂರು ಇಂಗ್ಲಿಷ್ ಬರಹಗಳಲ್ಲಿ 26ನ್ನಷ್ಟೇ ಹಿಡಿಯಿತು. ಮನುಷ್ಯರು ಬರೆದ ನೂರರಲ್ಲಿ 9ಕ್ಕೆ ಯಂತ್ರದ ಮುದ್ರೆ ಒತ್ತಿತು. ಜುಲೈನಲ್ಲಿ ಅದನ್ನು ಹಿಂತೆಗೆದುಕೊಂಡರು.

ಹಾಗಾಗಿ ಲೇಖಕರ ಮಾತನ್ನೇ ನಂಬಬೇಕು. ಹೇಳಿಕೊಂಡ ಕಾರಣಕ್ಕೆ ಲೇಖನ ತಿರಸ್ಕರಿಸುವುದಿಲ್ಲ, ಮುಚ್ಚಿಟ್ಟದ್ದು ಗೊತ್ತಾದರೆ ವಾಪಸ್ ಎಂದಿದ್ದಾರೆ. ಸಂಭಾವನೆ ಕಡಿತವಾಗುತ್ತದೆಯೇ ಎಂಬುದನ್ನು ಮಾತ್ರ ಬರೆದಿಲ್ಲ. ಕೇಳಿ ಮರುಇಮೇಲ್ ಹಾಕಿದ್ದೇನೆ.